ಬೋರ್ಡು ನೋಡಿದವರು ಒಳಗೆ ಬರಬೇಕಲ್ಲ!

ಹೊಸ ಅಂಗಡಿ ತೆರೆದು ಹದಿನೈದು ದಿನ ಆಗಿತ್ತು. ನನ್ನ ನಾದಿನಿ ಒಂದು ಸಂಜೆ ಫೋನ್ ಮಾಡಿ, "ಅತ್ತಿಗೆ, ಜನ ನಿಂತು ನೋಡ್ತಾರೆ, ಹಾಗೇ ಹೋಗ್ಬಿಡ್ತಾರೆ. ಒಳಗೆ ಕಾಲಿಡೋರೇ ಇಲ್ಲ" ಅಂದಳು. ದನಿ ಒಡೆದಿತ್ತು. ಒಡೆಯದೇ ಇರುತ್ತಾ? ಅಂಗಡಿಯ ಅಡ್ವಾನ್ಸಿಗೆ ಅಂತ ತನ್ನ ನಾಲ್ಕು ಬಳೆ ಅಡವಿಟ್ಟಿದ್ದಳು. ತಿಂಗಳು ತುಂಬಿದರೆ ಬಾಡಿಗೆ, ಬಡ್ಡಿ ಎರಡೂ ಕಟ್ಟಬೇಕು. "ಆರು ತಿಂಗಳು ನೋಡು, ಆಗದಿದ್ರೆ ಬಾಗಿಲು ಹಾಕು" ಅಂತ ಅವಳ ಯಜಮಾನರು ಮೊದಲೇ ಹೇಳಿಬಿಟ್ಟಿದ್ದರು.

ಅವಳ ಕೈರುಚಿಯ ಬಗ್ಗೆ ಎರಡು ಮಾತಿಲ್ಲ. ಚಟ್ನಿಪುಡಿ, ಸಾಂಬಾರ್‌ಪುಡಿ, ಕೋಡುಬಳೆ, ನಿಪ್ಪಟ್ಟು... ನೆಂಟರಿಷ್ಟರೆಲ್ಲ ಕೇಳಿ ಮಾಡಿಸಿಕೊಂಡು ಹೋಗುತ್ತಿದ್ದರು. ಬಡಾವಣೆಯ ಒಳ್ಳೇ ಓಡಾಟದ ರಸ್ತೆಯಲ್ಲೇ ಅಂಗಡಿ. ಹತ್ತಿರದಲ್ಲೇ ಬಸ್ ಸ್ಟಾಪ್, ಎದುರಿಗೆ ಹಾಲಿನ ಬೂತ್. ಮತ್ತೆ ತೊಂದರೆ ಎಲ್ಲಿ? ಮರುದಿನ ಸಂಜೆ ಹೋಗಿ ಒಳಗೆ ಕೂರದೆ ಎದುರು ಫುಟ್‌ಪಾತ್ ಮೇಲೆ ನಿಂತುಕೊಂಡೆ. ಐದು ನಿಮಿಷದಲ್ಲಿ ಅರ್ಥವಾಯಿತು.

ಬೋರ್ಡಿನ ತುಂಬ ಇಂಗ್ಲಿಷಿನಲ್ಲಿ ಬಳ್ಳಿಯ ಹಾಗೆ ಸುತ್ತಿಕೊಂಡ ಅಕ್ಷರಗಳು. ಮನೆದೇವರ ಹೆಸರು, ಅದರ ಮುಂದೆ 'ಎಂಟರ್‌ಪ್ರೈಸಸ್'. ಅದೇ ಕನ್ನಡದಲ್ಲಿ ಕೆಳಗೆ, ಚಿಕ್ಕದಾಗಿ. ಎಡಬಲಕ್ಕೆ ಒಂದೊಂದು ದೇವರ ಚಿತ್ರ. ಮೂಲೆಯಲ್ಲಿ ಮಾಲೀಕರ ಹೆಸರು, ಎರಡು ಫೋನ್ ನಂಬರು. ಸಿಗುವ ಪದಾರ್ಥಗಳ ಪಟ್ಟಿ ಎಲ್ಲಕ್ಕಿಂತ ಕೆಳಗೆ, ಒಂದೂವರೆ ಇಂಚಿನ ಅಕ್ಷರದಲ್ಲಿ, ಹಸಿರಿನ ಮೇಲೆ ಕೆಂಪು ಬಣ್ಣದಲ್ಲಿ. ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದ ಅಮ್ಮನನ್ನು ಕೇಳಿದೆ: "ಅಲ್ಲಿ ಏನು ಮಾರ್ತಾರಮ್ಮ?" ಆಕೆ ಕಣ್ಣು ಕಿರಿದು ಮಾಡಿ ನೋಡಿ, "ಏನೋ ಕರೆಂಟ್ ಸಾಮಾನು ಇರ್ಬೇಕು" ಅಂದರು. ಹದಿನೈದು ದಿನದಿಂದ ಎದುರಿಗೇ ಕೂತವರಿಗೇ ಗೊತ್ತಿಲ್ಲ ಅಂದಮೇಲೆ ಬಸ್ ಇಳಿದು ಮನೆಗೆ ಓಡುವ ಹೆಂಗಸರಿಗೆ ಹೇಗೆ ಗೊತ್ತಾಗಬೇಕು?

ಹೆಸರಿಗಿಂತ ಸಾಮಾನು ದೊಡ್ಡದು

ಹೊಸ ಅಂಗಡಿಯವರು ಮಾಡುವ ಮೊದಲ ತಪ್ಪೇ ಇದು. ನಮಗೆ ನಮ್ಮ ಅಂಗಡಿಯ ಹೆಸರು ಮುದ್ದು. ಮಗಳ ಹೆಸರೋ, ಮನೆದೇವರ ಹೆಸರೋ ಇಟ್ಟಿರುತ್ತೇವೆ, ಅದನ್ನೇ ದೊಡ್ಡದಾಗಿ ಬರೆಸುತ್ತೇವೆ. ಐವತ್ತು ವರ್ಷದ ಹಳೇ ಅಂಗಡಿಗಾದರೆ ಅದು ಸರಿ, ಹೆಸರು ಹೇಳಿದರೆ ಸಾಕು ಜನಕ್ಕೆ ಸಾಮಾನು ನೆನಪಾಗುತ್ತದೆ. ಹೊಸ ಅಂಗಡಿಯ ಹೆಸರಿನಿಂದ ದಾರಿಹೋಕರಿಗೆ ಏನೂ ತಿಳಿಯದು. ನಡೆದುಹೋಗುವವರು ಬೋರ್ಡಿನ ಕಡೆ ಕಣ್ಣು ಹಾಯಿಸುವುದು ಎರಡು ಮೂರು ಸೆಕೆಂಡು ಅಷ್ಟೇ. ಅಷ್ಟರೊಳಗೆ 'ಇಲ್ಲಿ ಏನು ಸಿಗುತ್ತೆ' ಅನ್ನುವುದು ತಲೆಗೆ ಹೋಗಬೇಕು.

ಹಾಗಂತ ಇರುವ ಇಪ್ಪತ್ತು ಪದಾರ್ಥಗಳನ್ನೂ ಬರೆಸಿದರೆ ಒಂದೂ ಓದಿಸಿಕೊಳ್ಳುವುದಿಲ್ಲ. ಎರಡೇ ಎರಡು ಆರಿಸಿಕೊಳ್ಳೋಣ ಅಂದೆ. ನಾದಿನಿಗೆ ಒಪ್ಪಿಗೆಯಾಗಲಿಲ್ಲ. "ನಿಪ್ಪಟ್ಟು ಬೇಕು ಅನ್ನೋರು ವಾಪಸ್ ಹೋದ್ರೆ?" ಅಂದಳು. ಕೋಡುಬಳೆ ಮಾರುವ ಕಡೆ ನಿಪ್ಪಟ್ಟೂ ಇರುತ್ತದೆ ಅಂತ ನಮ್ಮ ಹೆಂಗಸರಿಗೆ ಹೇಳಿಕೊಡಬೇಕಾ? ಕೊನೆಗೆ 'ಚಟ್ನಿಪುಡಿ', 'ಕೋಡುಬಳೆ' ಎರಡು ದೊಡ್ಡಕ್ಷರದಲ್ಲಿ, ಕೆಳಗೆ ಅಂಗಡಿಯ ಹೆಸರು ಸಣ್ಣಕ್ಷರದಲ್ಲಿ ಅಂತ ತೀರ್ಮಾನವಾಯಿತು. ಹೆಸರಿನಿಂದ 'ಎಂಟರ್‌ಪ್ರೈಸಸ್' ಕಿತ್ತು 'ಮನೆ ತಿಂಡಿ' ಅಂತ ಸೇರಿಸಿದೆವು. ಲೈಸೆನ್ಸಿನಲ್ಲಿರುವ ಹೆಸರು ಹಾಗೇ ಇರಲಿ ಅಂತ ಅದನ್ನು ಮೂಲೆಯಲ್ಲಿ ಉಳಿಸಿಕೊಂಡೆವು. ಫೋನ್ ನಂಬರ್ ಬೋರ್ಡಿನಿಂದ ಇಳಿದು ಷಟರಿಗೆ ಹೋಯಿತು. ಅಂಗಡಿ ತೆಗೆದಿರುವಾಗ ಮುಂದೆ ನಿಂತವರಿಗೆ ನಂಬರ್ ಯಾಕೆ? ಬಾಗಿಲು ಹಾಕಿರುವಾಗಲೇ ಅದು ಬೇಕಾಗುವುದು. ಷಟರಿನ ಮೇಲೆ ನಂಬರಿನ ಜೊತೆ ಅಂಗಡಿ ತೆರೆಯುವ ವೇಳೆಯನ್ನೂ ಬರೆಸಿ.

ಅಕ್ಷರಕ್ಕೂ ಅಳತೆ ಇದೆ

ಬೋರ್ಡ್ ಬರೆಯುವವರಲ್ಲಿ ಒಂದು ಲೆಕ್ಕವಿದೆ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಇದ್ದರೆ ಆರಾಮಾಗಿ ಓದಬಹುದು. ಅದಕ್ಕಿಂತ ದೂರದಿಂದ ಓದಲಾಗದು ಅಂತಲ್ಲ, ನಿಂತು, ಗಮನ ಕೊಟ್ಟು ಓದಬೇಕಾಗುತ್ತದೆ. ದಾರಿಹೋಕರಿಗೆ ಅಷ್ಟು ಪುರುಸೊತ್ತು ಎಲ್ಲಿ! ನಾವು ಟೇಪ್ ಹಿಡಿದು ಅಳೆಯಲಿಲ್ಲ, ಹೆಜ್ಜೆ ಹಾಕಿ ನೋಡಿದೆವು. ಎದುರು ಫುಟ್‌ಪಾತಿನಿಂದ ಬೋರ್ಡಿಗೆ ಸುಮಾರು 40 ಅಡಿ, ಬಸ್ ಸ್ಟಾಪಿನಿಂದ ಓರೆಯಾಗಿ 70 ಅಡಿ. ನಮಗೆ ಬೇಕಾದವರು ಬಸ್ ಇಳಿಯುವ ಹೆಂಗಸರು. ಅಂದಮೇಲೆ ಅಕ್ಷರ 7 ಇಂಚು. ಹಳೇ ಪಟ್ಟಿಯ ಒಂದೂವರೆ ಇಂಚಿನ ಅಕ್ಷರ ಆರಾಮಾಗಿ ಕಾಣುತ್ತಿದ್ದದ್ದು ಹದಿನೈದು ಅಡಿಯಿಂದ, ಅಂದರೆ ಹೆಚ್ಚುಕಮ್ಮಿ ಅಂಗಡಿಯ ಮುಂದೆ ಬಂದು ನಿಂತವರಿಗೆ ಮಾತ್ರ.

ಇಲ್ಲಿ ಕನ್ನಡದ್ದೇ ಒಂದು ಸೂಕ್ಷ್ಮ ಇದೆ, ಬೋರ್ಡಿನವರು ಎಷ್ಟೋ ಸಲ ಮರೆಯುತ್ತಾರೆ. ಇಂಗ್ಲಿಷ್ ದೊಡ್ಡಕ್ಷರಗಳಿಗೆ ಮೇಲೆ ಕೆಳಗೆ ಏನೂ ಇರುವುದಿಲ್ಲ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. 'ಚಟ್ನಿಪುಡಿ'ಯನ್ನೇ ನೋಡಿ, 'ಟ'ಗೆ ಕೆಳಗೆ 'ನ' ಒತ್ತು ಇದೆ. '7 ಇಂಚಿನ ಸಾಲು' ಅಂತ ಹೇಳಿಬಿಟ್ಟರೆ ಒತ್ತು, ಗುಡಿಸು ಎಲ್ಲ ಸೇರಿ ಏಳು ಇಂಚಿಗೆ ಕೂರಿಸುತ್ತಾರೆ. ಆಗ ಮೂಲ ಅಕ್ಷರಕ್ಕೆ ಉಳಿಯುವುದು ನಾಲ್ಕು ಇಂಚು ಚಿಲ್ಲರೆ. ಅದಕ್ಕೇ ಒತ್ತಿಲ್ಲದ ಒಂದು ಅಕ್ಷರ, ಈ ಸಾಲಿನಲ್ಲಾದರೆ 'ಚ' ತೋರಿಸಿ, "ಇದೊಂದೇ ಏಳು ಇಂಚು ಬರಲಿ" ಅಂತ ಹೇಳಬೇಕು. ಹಾಗೆ ಮಾಡಿದಾಗ ಒತ್ತು ಗುಡಿಸು ಸೇರಿ ಪೂರ್ತಿ ಸಾಲಿಗೆ ಒಂದು ಅಡಿಗೂ ಸ್ವಲ್ಪ ಹೆಚ್ಚು ಜಾಗ ಹಿಡಿಯಿತು. ಎರಡು ಸಾಲಿನ ಮಧ್ಯೆಯೂ ಜಾಗ ಬಿಡಿಸಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ಎರಡೂ ಕಲಸಿಹೋಗುತ್ತವೆ. ಬಳ್ಳಿ ಅಕ್ಷರ, ನೆರಳಿನ ಅಕ್ಷರ ಬೇಡವೇ ಬೇಡ. ಪಾಠದ ಪುಸ್ತಕದಲ್ಲಿದ್ದ ಹಾಗೆ ದುಂಡಗೆ, ಸ್ವಲ್ಪ ದಪ್ಪಗೆ ಇರಲಿ. ಓರೆಯಿಂದ ನೋಡುವವರಿಗೆ ಅಕ್ಷರಗಳು ಒತ್ತೊತ್ತಾಗಿ ಕಾಣುವುದರಿಂದ ಅಕ್ಷರ ಅಕ್ಷರಗಳ ನಡುವೆಯೂ ಒಂಚೂರು ಬಿಡುವು ಬೇಕು.

ಬಣ್ಣದ ವಿಷಯಕ್ಕೆ ಒಂದು ಸುಲಭ ಪರೀಕ್ಷೆ. ಬೋರ್ಡಿನ ಮಾದರಿ ತೋರಿಸಿದಾಗ ಮೊಬೈಲಿನಲ್ಲಿ ಅದರ ಕಪ್ಪುಬಿಳುಪು ಫೋಟೋ ತೆಗೆಯಿರಿ. ಅಕ್ಷರ ಎದ್ದು ಕಂಡರೆ ಸರಿ. ಹಸಿರಿನ ಮೇಲಿನ ಕೆಂಪು ಆ ಫೋಟೋದಲ್ಲಿ ಒಂದೇ ಬೂದಿ ಬಣ್ಣವಾಗಿ ಮುಳುಗಿಹೋಗಿತ್ತು! ನಾವು ಕೆನೆ ಬಣ್ಣದ ಮೇಲೆ ಗಾಢ ಮೆರೂನ್ ಆರಿಸಿದೆವು. ಅಂಗಡಿ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಸಂಜೆಯ ಬಿಸಿಲು ನೇರ ಬೋರ್ಡಿಗೇ ಬೀಳುತ್ತದೆ. ಹೊಳೆಯುವ ಮೇಲ್ಮೈ ಇದ್ದರೆ, ವ್ಯಾಪಾರ ಆಗಬೇಕಾದ ಹೊತ್ತಿನಲ್ಲೇ ಕನ್ನಡಿಯ ಹಾಗೆ ಮಿಂಚಿ ಏನೂ ಕಾಣುವುದಿಲ್ಲ. ಹೊಳಪಿಲ್ಲದ 'ಮ್ಯಾಟ್' ಸ್ಟಿಕ್ಕರ್ ಕೇಳಿ ಹಾಕಿಸಿ.

ಫ್ಲೆಕ್ಸ್ ಯಾಕೆ ಬೇಡ?

"ಫ್ಲೆಕ್ಸ್ ಹಾಕಿಸಿದ್ರೆ ಅಗ್ಗ ಅಲ್ವಾ ಅತ್ತಿಗೆ?" ಅಂತ ನಾದಿನಿ ಕೇಳಿದ್ದು ನಿಜ. ಅಗ್ಗವೇನೋ ಹೌದು. ಆದರೆ ಕರ್ನಾಟಕದಲ್ಲಿ 2016ರ ಪ್ಲಾಸ್ಟಿಕ್ ನಿಷೇಧದ ಆದೇಶದಲ್ಲೇ ಫ್ಲೆಕ್ಸ್, ಬ್ಯಾನರ್‌ಗಳೂ ಸೇರಿವೆ. 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗಳನ್ನು ದೇಶದಾದ್ಯಂತ ನಿಷೇಧಿಸಲಾಗಿದೆ. ಬಾಡಿಗೆ ಕಟ್ಟುವುದೇ ಕಷ್ಟ ಇರುವಾಗ ದಂಡದ ಬಾಬ್ತು ಯಾಕೆ?

ಕನ್ನಡದ ವಿಷಯದಲ್ಲೂ ಕಾನೂನು ಇದೆ. 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಂಗಡಿಯ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಲೆಕ್ಕ ಕಷ್ಟವಲ್ಲ. ನಮ್ಮ ಬೋರ್ಡು 10 ಅಡಿ ಅಗಲ, 3 ಅಡಿ ಎತ್ತರ, ಒಟ್ಟು 30 ಚದರ ಅಡಿ. ಅದರಲ್ಲಿ 18 ಚದರ ಅಡಿ ಕನ್ನಡಕ್ಕೆ ಹೋಗಬೇಕು. ಮೇಲಿನ ಎರಡು ಅಡಿಯನ್ನು ಪೂರ್ತಿ ಕನ್ನಡಕ್ಕೇ ಬಿಟ್ಟರೆ 20 ಚದರ ಅಡಿ ಆಯಿತು. ಕೆಳಗಿನ ಒಂದು ಅಡಿಯಲ್ಲಿ ಇಂಗ್ಲಿಷ್. ಹಳೇ ಬೋರ್ಡು ಈ ಲೆಕ್ಕದಲ್ಲೂ ನಪಾಸಾಗಿತ್ತು ಅನ್ನಿ.

ಹಾಗಾದರೆ ಯಾವುದರಲ್ಲಿ ಮಾಡಿಸುವುದು? ಹಳೇ ಕಾಲದ ತಗಡಿನ ಮೇಲೆ ಪೇಂಟ್ ಮಾಡಿಸಬಹುದು, ಕೈ ಪಳಗಿದ ಪೇಂಟರ್ ಸಿಕ್ಕರೆ ಅದರ ಚೆಲುವೇ ಬೇರೆ. ನಮಗೆ ಸಿಗಲಿಲ್ಲ. ಎಸಿಪಿ ಶೀಟ್ ಮೇಲೆ ಸ್ಟಿಕ್ಕರ್ ಅಕ್ಷರ ಅಂಟಿಸಿಕೊಂಡೆವು. ಹಳೇ ಬೋರ್ಡಿನ ಕಬ್ಬಿಣದ ಫ್ರೇಮು ಗಟ್ಟಿಯಾಗಿದ್ದರಿಂದ ಅದೇ ಉಳಿಯಿತು. ಇಲ್ಲೊಂದು ಎಚ್ಚರ: ಎಸಿಪಿ ಶೀಟು ಸಾಮಾನ್ಯವಾಗಿ ಬರುವುದು 8 ಅಡಿಗೆ 4 ಅಡಿ. 10 ಅಡಿ ಬೋರ್ಡಿಗೆ ಜೋಡಣೆ ಬಂದೇ ಬರುತ್ತದೆ. ಕೆಲಸದವರು ಸುಮ್ಮನೆ ಎಂಟಡಿಯ ಒಂದು ತುಂಡು, ಎರಡಡಿಯ ಇನ್ನೊಂದು ತುಂಡು ಹಾಕುತ್ತಾರೆ. ಸಂದು ಯಾವುದೋ ಅಕ್ಷರದ ಹೊಟ್ಟೆಯ ಮೇಲೆ ಹಾದುಹೋಗುತ್ತದೆ, ಒಂದು ಮಳೆಗಾಲ ಕಳೆದರೆ ಅಲ್ಲೇ ಸ್ಟಿಕ್ಕರ್ ಏಳುತ್ತದೆ. ನಾವು ಎರಡು ಶೀಟಿನಿಂದ ಐದೈದು ಅಡಿ ಕತ್ತರಿಸಿ, ಎರಡು ಪದದ ಮಧ್ಯದ ಖಾಲಿ ಜಾಗಕ್ಕೆ ಸಂದು ಬರುವ ಹಾಗೆ ಮಾಡಿಸಿದೆವು. ಎರಡೂ ಶೀಟಿನಲ್ಲಿ ಮೂರು ಅಡಿ ಅಗಲದ ತುಂಡು ಮಿಕ್ಕಿತಲ್ಲ, ಅದನ್ನು ಬಿಟ್ಟು ಬರಬೇಡಿ. ನಮ್ಮ ಅಂಗಡಿಗೆ ಜನ ಕರೆದದ್ದು ದೊಡ್ಡ ಬೋರ್ಡಿಗಿಂತ ಹೆಚ್ಚಾಗಿ ಆ ತುಂಡುಗಳೇ.

ಮೆಟ್ಟಿಲ ಪಕ್ಕದ ಪುಟ್ಟ ಬೋರ್ಡು

ಷಟರ್ ಮೇಲಿನ ಬೋರ್ಡು ಎದುರು ಬದಿಯವರಿಗೆ ಕಾಣುತ್ತದೆ. ಅಂಗಡಿಯ ಬದಿಯ ಫುಟ್‌ಪಾತಿನಲ್ಲೇ ನಡೆದು ಬರುವವರಿಗೆ ಅದು ತಲೆಯ ಮೇಲಿರುತ್ತದೆ. ಕತ್ತೆತ್ತಿ ನೋಡುವವರು ಯಾರು? ಅವರಿಗೆ ಬೇಕಾದದ್ದು ಕಣ್ಣಿನ ಮಟ್ಟದ ಬೋರ್ಡು, ಅದೂ ರಸ್ತೆಗೆ ಅಡ್ಡಲಾಗಿ ನಿಂತದ್ದು. ಮಿಕ್ಕ ಎರಡು ತುಂಡನ್ನು ಏಣಿಯ ಹಾಗೆ ಮೇಲ್ತುದಿಯಲ್ಲಿ ಕೀಲು ಹಾಕಿ ಜೋಡಿಸಿದರೆ ಎರಡೂ ಕಡೆಯಿಂದ ಬರುವವರಿಗೆ ಕಾಣುತ್ತದೆ. ಫುಟ್‌ಪಾತ್ ಮೇಲೆ ಇಡಬೇಡಿ, ಅದು ನಡೆಯುವವರ ಜಾಗ. ನಿಮ್ಮ ಮೆಟ್ಟಿಲ ಒಳಗೆ ಇರಲಿ.

ಅದರ ಮೇಲೆ ಏನು ಬರೆಯಬೇಕು? ಬೆಲೆ! ಇದನ್ನು ಒಪ್ಪಿಸಲು ನನಗೆ ಸಾಕುಸಾಕಾಯಿತು. "ಬೆಲೆ ನೋಡಿ ಹೆದರಿ ಹೋದ್ರೆ?" ಅಂತ ಅವಳ ಪ್ರಶ್ನೆ. ನಮ್ಮದೇ ಅನುಭವ ನೆನಪು ಮಾಡಿಕೊಳ್ಳೋಣ. ಹೊಸ ಅಂಗಡಿ ಒಳಗೆ ಹೋಗಲು ನಮಗೆ ಅಳುಕು ಯಾಕೆ? ಬೆಲೆ ಗೊತ್ತಿರುವುದಿಲ್ಲ. ಒಳಗೆ ಹೋಗಿ, ವಿಚಾರಿಸಿ, ಜಾಸ್ತಿ ಅನ್ನಿಸಿದರೆ ಬರಿಗೈಲಿ ಹೊರಗೆ ಬರಲು ಸಂಕೋಚ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಿದ್ದರಂತೂ ಇನ್ನೂ ಮುಜುಗರ. ಆ ಅಳುಕನ್ನು ಬಾಗಿಲಲ್ಲೇ ಕಳೆಯಬೇಕು. 'ಇವತ್ತಿನ ಕೋಡುಬಳೆ, 100 ಗ್ರಾಂ 40 ರೂಪಾಯಿ' ಅಂತ ಇದ್ದರೆ ಪರ್ಸಿನಲ್ಲಿ ಐವತ್ತು ರೂಪಾಯಿ ಇರುವವರೂ ಧೈರ್ಯವಾಗಿ ಒಳಗೆ ಬರುತ್ತಾರೆ. ಕಿಲೋ ಬೆಲೆ ಬರೆದರೆ ಹಾಗಾಗದು. 400 ಅಂದ ತಕ್ಷಣ ಕಾಲು ಮುಂದಕ್ಕೆ ಹೋಗಿರುತ್ತದೆ.

ತುಂಡಿಗೆ ಕಪ್ಪು ಸ್ಟಿಕ್ಕರ್ ಅಂಟಿಸಿ ಒರೆಸಿ ಬರೆಯುವ ಚಾಕ್ ಪೆನ್ನಿನಲ್ಲಿ ದಿನಾ ಬರೆದಳು. ಒಂದು ದಿನಕ್ಕೆ ಒಂದೇ ತಿಂಡಿ, ಒಂದೇ ಬೆಲೆ. ನಿನ್ನೆಯದೇ ಇವತ್ತೂ ಇದ್ದರೆ ದಿನಾ ಓಡಾಡುವವರ ಕಣ್ಣಿಗೆ ಅದು ಗೋಡೆಯೇ ಆಗಿಬಿಡುತ್ತದೆ. ಅಂದಹಾಗೆ, ಒಳಗೆ ಬರುವ ದಾರಿಗೆ ಅಡ್ಡವಾಗಿ ಟೇಬಲ್ ಇಟ್ಟುಕೊಂಡು ಕೂತಿದ್ದಳು, ಅದನ್ನೂ ಪಕ್ಕಕ್ಕೆ ಸರಿಸಿದೆವು.

ಪಾಂಪ್ಲೆಟ್ ಪ್ರಸಂಗ

ಉದ್ಘಾಟನೆಗೆ ಅಂತ ಎರಡು ಸಾವಿರ ಪಾಂಪ್ಲೆಟ್ ಹಾಕಿಸಿದ್ದಳು. ನುಣುಪು ಕಾಗದ, ಎರಡೂ ಬದಿ ಬಣ್ಣ, ಇಪ್ಪತ್ತನಾಲ್ಕು ತಿಂಡಿಯ ಪಟ್ಟಿ, 'ಸರ್ವರಿಗೂ ಆದರದ ಸ್ವಾಗತ'. ಭಾನುವಾರದ ಪೇಪರಿನೊಳಗೆ ಇಡಿಸಿದ್ದಳು. ಆ ದಿನ ಪೇಪರಿನೊಳಗೆ ಎಷ್ಟು ಚೀಟಿ ಇರುತ್ತವೆ ಅಂತ ನಿಮಗೇ ಗೊತ್ತು. ಪೇಪರ್ ಕೊಡವಿದರೆ ನಾಲ್ಕು ಬೀಳುತ್ತವೆ, ನಾಲ್ಕೂ ಒಟ್ಟಿಗೆ ಕಸದ ಬುಟ್ಟಿಗೆ. ಎಷ್ಟು ಜನ ಅದನ್ನು ನೋಡಿ ಬಂದರು ಅಂದರೆ ಅವಳಿಗೇ ಗೊತ್ತಿಲ್ಲ. ಲೆಕ್ಕ ಇಡುವ ದಾರಿಯನ್ನೇ ಮಾಡಿಕೊಂಡಿರಲಿಲ್ಲ.

ಎರಡನೇ ಸಲ ಹೀಗೆ ಮಾಡಿದೆವು. ಪೋಸ್ಟ್ ಕಾರ್ಡಿನಷ್ಟು ಚೀಟಿ, ಒಂದೇ ಬದಿ, ಕಪ್ಪು ಅಕ್ಷರ, ಹಳದಿ ಕಾಗದ. ಒಂದು ಎ4 ಹಾಳೆಯಲ್ಲಿ ನಾಲ್ಕು ಬರುತ್ತವೆ. 500 ಚೀಟಿಗೆ 125 ಹಾಳೆ ಸಾಕು. ಆಫ್‌ಸೆಟ್ ಪ್ರೆಸ್ಸಿಗೆ ಹೋದರೆ ಪ್ಲೇಟಿನ ಖರ್ಚು ಇರುವುದರಿಂದ ಸಾವಿರಕ್ಕಿಂತ ಕಡಿಮೆ ಗಿಟ್ಟುವುದಿಲ್ಲ ಅನ್ನುತ್ತಾರೆ. ಹೀಗೆ ಸ್ವಲ್ಪವೇ ಬೇಕಾದಾಗ ಜೆರಾಕ್ಸ್ ಅಂಗಡಿಯೇ ವಾಸಿ.

ಚೀಟಿಯಲ್ಲಿ ಇದ್ದದ್ದು ಇಷ್ಟು: ಮೇಲೆ ದಪ್ಪಕ್ಷರದಲ್ಲಿ 'ಈ ಚೀಟಿ ತನ್ನಿ, 25 ಗ್ರಾಂ ಚಟ್ನಿಪುಡಿ ಉಚಿತವಾಗಿ ಒಯ್ಯಿರಿ'. ಅದರ ಕೆಳಗೆ 'ಹಾಲಿನ ಬೂತಿನ ಎದುರು'. ಅಡ್ಡರಸ್ತೆಯ ನಂಬರು ಮೂಲೆಯಲ್ಲಿ. ನಮ್ಮ ಬಡಾವಣೆಯಲ್ಲಿ ಯಾರಿಗೂ ಅಡ್ಡರಸ್ತೆಯ ನಂಬರು ಗೊತ್ತಿಲ್ಲ, ಹಾಲಿನ ಬೂತ್ ಎಲ್ಲರಿಗೂ ಗೊತ್ತು. ಆಮೇಲೆ ಅಂಗಡಿಯ ವೇಳೆ, ಕೊನೆಯ ದಿನಾಂಕ. ಹತ್ತು ದಿನದ ಗಡುವು ಇಟ್ಟೆವು. ಗಡುವಿಲ್ಲದ ಚೀಟಿ ಫ್ರಿಜ್ಜಿನ ಮೇಲೆ ಕೂತು ಹಳೆಯದಾಗುತ್ತದೆ.

ಉಚಿತ ಕೊಟ್ಟರೆ ನಷ್ಟವಲ್ಲವೇ ಅಂದರೆ ಲೆಕ್ಕ ಹಾಕಿ ನೋಡಿ. ಅವಳ ಚಟ್ನಿಪುಡಿ ಕಿಲೋಗೆ 400 ರೂಪಾಯಿ. 25 ಗ್ರಾಂ ಅಂದರೆ ಮಾರುವ ಬೆಲೆಯಲ್ಲಿ ಹತ್ತು ರೂಪಾಯಿ, ಅವಳ ಕೈಯಿಂದ ಹೋಗುವುದು ಪೊಟ್ಟಣದ ಖರ್ಚೂ ಸೇರಿ ಆರು ರೂಪಾಯಿ. ಅದನ್ನೂ ಬಂದವರಿಗೆ ಮಾತ್ರ ಕೊಡುತ್ತೇವೆ. ಶೇಕಡ ಹತ್ತು ರಿಯಾಯಿತಿ ಅಂತ ಹಾಕೋಣ ಅಂದಿದ್ದಳು. ರುಚಿಯೇ ಗೊತ್ತಿಲ್ಲದವರಿಗೆ ರಿಯಾಯಿತಿ ಯಾವ ಆಸೆ ಹುಟ್ಟಿಸುತ್ತದೆ? ಪುಡಿ ಅನ್ನಕ್ಕೆ ಕಲಸಿ ತಿಂದರೆ ತಾನೇ ಮತ್ತೆ ಬೇಕು ಅನ್ನಿಸುವುದು.

ಒಂದು ಮಾತು. ಅವಳ ಮೊದಲ ಪಾಂಪ್ಲೆಟ್ಟಿನಲ್ಲಿ ಮೆಂತ್ಯದ ಹಿಟ್ಟಿನ ಮುಂದೆ 'ಸಕ್ಕರೆ ಕಾಯಿಲೆ ಗುಣವಾಗುತ್ತದೆ' ಅಂತ ಇತ್ತು. ಇದು ಆಟದ ಮಾತಲ್ಲ. ಸಕ್ಕರೆ ಕಾಯಿಲೆ ವಾಸಿಮಾಡುತ್ತದೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಕರೆಂಟ್ ಕಂಬ, ಸರ್ಕಾರಿ ಗೋಡೆಗೆ ಚೀಟಿ ಅಂಟಿಸುವುದೂ ಅಪರಾಧವೇ.

ಇನ್ನು ಹಂಚಿದ ಬಗೆ. 500ರಲ್ಲಿ 250 ಚೀಟಿಯ ಹಿಂದೆ ಪೆನ್ನಿನಲ್ಲಿ 'ಪ' ಅಂತ ಬರೆದು ಪೇಪರ್ ಹಾಕುವ ಹುಡುಗನಿಗೆ ಕೊಟ್ಟೆವು, ಭಾನುವಾರ ಬಿಟ್ಟು ಮಂಗಳವಾರ. ಉಳಿದ 250ಕ್ಕೆ 'ಕ' ಅಂತ ಬರೆದು ಸಂಜೆ ಐದರಿಂದ ಏಳರವರೆಗೆ ಬಸ್ ಸ್ಟಾಪಿನಿಂದ ಅಂಗಡಿವರೆಗಿನ ದಾರಿಯಲ್ಲಿ ಕೈಗೇ ಕೊಟ್ಟೆವು. ಕೂಲಿಯ ಹುಡುಗರ ಕೈಗೆ ಕೊಡಲಿಲ್ಲ. ನಾದಿನಿಯ ಮಗಳೂ ನಾನೂ ನಿಂತೆವು. ಸುಮ್ಮನೆ ಚೀಟಿ ಚಾಚದೆ, "ಅಲ್ಲೇ ಕಾಣ್ತಿದೆಯಲ್ಲ, ಆ ಅಂಗಡಿ. ಚಟ್ನಿಪುಡಿ ರುಚಿ ನೋಡಿ ಹೋಗಿ" ಅಂತ ಕೈ ತೋರಿಸಿ ಹೇಳಿದೆವು. ಅಂಗಡಿ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಕೊಟ್ಟ ಚೀಟಿಗೇ ಬೆಲೆ.

ಹತ್ತು ದಿನ ಕಳೆದ ಮೇಲೆ ಡಬ್ಬಿ ಸುರಿದು ಎಣಿಸಿದೆವು. 'ಪ' ಆರು, 'ಕ' ಮೂವತ್ತೊಂದು. ಮೂವತ್ತೇಳು ಪೊಟ್ಟಣಕ್ಕೆ ಅವಳ ಖರ್ಚು 222 ರೂಪಾಯಿ. ನಿಮ್ಮ ಬೀದಿಯಲ್ಲಿ ಇದೇ ಲೆಕ್ಕ ಬರುತ್ತದೆ ಅಂತ ನಾನು ಹೇಳಲಾರೆ. ಎಲ್ಲರೂ ಕಾರಿನಲ್ಲೇ ಓಡಾಡುವ ಕಡೆ, ಅಪಾರ್ಟ್‌ಮೆಂಟುಗಳೇ ಇರುವ ಕಡೆ ಪೇಪರೇ ವಾಸಿ ಆಗಬಹುದು. ಎರಡು ಬಗೆಯಲ್ಲಿ ಗುರುತು ಹಾಕಿ ಹಂಚಿ, ನಿಮ್ಮ ಡಬ್ಬಿಯೇ ಹೇಳುತ್ತದೆ.

ಅಚ್ಚಿಗೆ ಹೋಗುವ ಮುಂಚೆ

ಕನ್ನಡ ಅಕ್ಷರಗಳು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವಾಗ ಒತ್ತು ಹಾರಿಹೋಗುವುದು, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುವುದು ಮಾಮೂಲು. ನುಡಿಯಲ್ಲಿ ಟೈಪ್ ಮಾಡಿದ್ದು ಯೂನಿಕೋಡಿಗೆ ಬಂದಾಗಲಂತೂ ನೋಡಲೇಬೇಡಿ. ಟೈಪ್ ಮಾಡಿದವರಲ್ಲೇ "ಅಕ್ಷರಗಳನ್ನ ಕರ್ವ್ಸ್ ಮಾಡಿ ಕೊಡಿ" ಅಂತ ಕೇಳಿ. ಆಗ ಅಕ್ಷರ ಚಿತ್ರವಾಗಿಬಿಡುತ್ತದೆ, ಮುಂದೆ ಕದಲುವುದಿಲ್ಲ. ಆಮೇಲೆ ತಿದ್ದಲಾಗದು, ಆದ್ದರಿಂದ ಮೊದಲೇ ಓದಿ ಮುಗಿಸಿ. ಮೊಬೈಲಿನಲ್ಲಿ ಓದಿದರೆ ಸಾಲದು. ಕಾಗದದ ಮೇಲೆ ತೆಗೆಸಿ, ಬರೆದವರಲ್ಲದೆ ಬೇರೆಯವರ ಕೈಲಿ ಗಟ್ಟಿಯಾಗಿ ಓದಿಸಿ. ನಮ್ಮ ಬೋರ್ಡಿನ ಮಾದರಿಯಲ್ಲಿ 'ಚಟ್ನಿಪುಡಿ' 'ಚಟಿಪುಡಿ' ಆಗಿತ್ತು. ನಾವಿಬ್ಬರೂ ಮೂರು ಮೂರು ಸಲ ನೋಡಿ 'ಸರಿ' ಅಂದಿದ್ದೆವು. ಹಿಡಿದದ್ದು ಆರನೇ ಕ್ಲಾಸಿನ ಮಗಳು.

ಬೋರ್ಡು ಏರಿದ ಸಂಜೆ ಮತ್ತೆ ಎದುರು ಫುಟ್‌ಪಾತಿಗೆ ಹೋಗಿ ಸೊಪ್ಪಿನ ಅಮ್ಮನನ್ನು ಅದೇ ಪ್ರಶ್ನೆ ಕೇಳಿದೆ. "ಓದಕ್ಕೆ ಬರಲ್ಲ ಕಣಮ್ಮ ನಂಗೆ" ಅಂದರು! ಅಲ್ಲಿಯವರೆಗೆ ನಮಗೆ ಹೊಳೆದೇ ಇರಲಿಲ್ಲ. ಮರುವಾರವೇ ಬೋರ್ಡಿನ ಬಲತುದಿಯ ಖಾಲಿ ಜಾಗಕ್ಕೆ ಒಂದು ದೊಡ್ಡ ಕೋಡುಬಳೆಯ ಚಿತ್ರ ಬಂತು. ಅದರ ಮಾರನೇ ದಿನ ಆಕೆಯೇ ಬುಟ್ಟಿ ಪಕ್ಕಕ್ಕಿಟ್ಟು ಬಂದು, ಮೊಮ್ಮಗನಿಗೆ ಅಂತ ನೂರು ಗ್ರಾಂ ಕಟ್ಟಿಸಿಕೊಂಡು ಹೋದರು.